ಕಾಗದದ ದಿನಚರಿಯೋ, ಮೊಬೈಲಿನ ಆ್ಯಪೋ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಸ್ವಂತ ಉದ್ಯಮವನ್ನು ನಡೆಸಿಕೊಂಡು ಚೆನ್ನಾಗಿರುವವರು, ಕಳೆದ ವರ್ಷ ಅಧ್ಯಾಪಕವರ್ಗಕ್ಕೆ ಏನಾದರೊಂದು ಕಾಣಿಕೆಯನ್ನು ಸಲ್ಲಿಸಬೇಕೆಂದು ಮನಸ್ಸು ಮಾಡಿದರು. ಅವರು ಮುಂದಿಟ್ಟ ಪ್ರಶ್ನೆ ಇಷ್ಟೇ: ಪ್ರತಿಯೊಬ್ಬ ಅಧ್ಯಾಪಕರಿಗೂ ಒಂದೊಂದು ಒಳ್ಳೆಯ ದಿನಚರಿ ಪುಸ್ತಕವನ್ನು ಮಾಡಿಸಿಕೊಡಲೋ, ಅಥವಾ ಕೆಲಸಗಳನ್ನು ನೆನಪಿಸುವ ಮೊಬೈಲ್ ಆ್ಯಪ್ ಒಂದಕ್ಕೆ ವರ್ಷದ ಚಂದಾ ತುಂಬಲೋ? ಅಧ್ಯಾಪಕರ ಕೊಠಡಿಯಲ್ಲಿ ಈ ಮಾತು ಬಂದ ಕೂಡಲೇ ಸಭೆ ಎರಡು ಪಂಗಡವಾಯಿತು. ನರೆತ ತಲೆಗಳೆಲ್ಲ ಪುಸ್ತಕದ ಕಡೆ, ಕಪ್ಪು ತಲೆಗಳೆಲ್ಲ ಆ್ಯಪಿನ ಕಡೆ ಎಂದು ತಿಳಿದವರಿದ್ದರೆ ಅದು ತಪ್ಪು. ಐವತ್ತೆಂಟರ ಅಂಚಿನಲ್ಲಿರುವ ನಮ್ಮ ಮುಖ್ಯೋಪಾಧ್ಯಾಯರು ಮೊಬೈಲಿಲ್ಲದೆ ಅಡಿಯಿಡಲಾರೆನೆಂದರು. ಗಣಿತ ಬೋಧಿಸುವ ಇಪ್ಪತ್ತೆಂಟರ ತರುಣಿ ತನ್ನ ಚೀಲದಿಂದ ನಾಲ್ಕಾಣೆ ಅಗಲದ ಪುಟ್ಟ ಪುಸ್ತಕವೊಂದನ್ನು ತೆಗೆದು ತೋರಿಸಿ, “ಸರ್, ನನಗೆ ಇದೇ ಸಾಕು” ಎಂದಳು. ನನ್ನ ಅಭಿಪ್ರಾಯವನ್ನು ಕೇಳಿದಾಗ ನಾನು ಒಂದು ವಾರದ ಅವಧಿ ಬೇಡಿದೆ. ಆ ವಾರದಲ್ಲಿ ನಾನು ಮಾಡಿದುದನ್ನೂ ಅದರಿಂದ ನನಗೆ ತಿಳಿದುಬಂದುದನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಅವಧಿಯನ್ನು ಬೇಡಲು ಕಾರಣವೊಂದಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾದರೂ ಹೇಳದೆ ವಿಷಯ ಸ್ಪಷ್ಟವಾಗದು. ಎರಡು ವರ್ಷಗಳ ಹಿಂದೆ ನಾನೂ ಉತ್ಸಾಹದಿಂದ ಮೊಬೈಲಿನ ಆ್ಯಪಿಗೆ ಶರಣಾಗಿದ್ದೆ. ಆಗ ಹತ್ತನೆಯ ತರಗತಿಯ ಒಬ್ಬ ಹುಡುಗನ ವಿದ್ಯಾರ್ಥಿವೇತನದ ಅರ್ಜಿಗೆ ಅವನ ತಂದೆಯ ಆದಾಯ ಪ್ರಮಾಣಪತ್ರದ ಪ್ರತಿಯನ್ನು ಪರಿಶೀಲಿಸಿ ಶಾಲೆಯ ಕಛೇರಿಗೆ ಒಪ್ಪಿಸುವುದು ತರಗತಿಯ ಹೊಣೆ ಹೊತ್ತ ನನ್ನ ಪಾಲಿನ ಕೆಲಸವಾಗಿತ್ತು. ಪತ್ರ ನನ್ನ ಚೀಲದಲ್ಲಿಯೇ ಇತ್ತು. ಕೊನೆಯ ದಿನದ ಹನ್ನೊಂದು ಗಂಟೆಗೆ ನೆನಪಿಸುವಂತೆ ಆ್ಯಪಿನಲ್ಲಿ ಗುರುತಿಟ್ಟಿದ್ದೆ. ಯಂತ್ರ ಮಾತು ತಪ್ಪಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಕೂಗಿತು. ಆದರೆ ನಮ್ಮ ಶಾಲೆಯಲ್ಲಿ ಪಾಠದ ಹೊತ್ತಿನಲ್ಲಿ ಮೊಬೈಲನ್ನು ತರಗತಿಗೆ ಒಯ್ಯುವ ಪದ್ಧತಿಯಿಲ್ಲ. ಅದು ಅಧ್ಯಾಪಕರ ಕೊಠಡಿಯ ಮೇಜಿನ ಖಾನೆಯಲ್ಲಿ, ಸದ್ದಡಗಿಸಿಕೊಂಡು ಮಲಗಿತ್ತು. ನಾನು ಒಂದೂಕಾಲಿಗೆ ಊಟಕ್ಕೆ ಬಂದು ನೋಡುವಷ್ಟರಲ್ಲಿ ಪರದೆಯ ಮೇಲೆ ಮೂವತ್ತಕ್ಕೂ ಮಿಕ್ಕಿದ ಸೂಚನೆಗಳು ಒಂದರ ಮೇಲೊಂದು ಕುಳಿತಿದ್ದವು: ಯಾರದೋ ಶುಭೋದಯ, ಯಾವುದೋ ಅಂಗಡಿಯ ರಿಯಾಯಿತಿ, ನೆಂಟರ ಮನೆಯ ಮದುವೆಯ ಚಿತ್ರಗಳು. ಎಲ್ಲವನ್ನೂ ಒಂದೇ ಬೆರಳಿನಿಂದ ಸರಿಸಿಬಿಟ್ಟೆ. ಅವುಗಳ ನಡುವೆ ಆ ಹುಡುಗನ ಹೆಸರೂ ಹೋಯಿತು. ರಾತ್ರಿ ಅರ್ಜಿಯ ಬಾಗಿಲು ಮುಚ್ಚಿತು. ಅವನ ತಂದೆ ಮರುದಿನ ಶಾಲೆಗೆ ಬಂದವರು ನನ್ನನ್ನು ಒಂದು ಮಾತೂ ಆಡಲಿಲ್ಲ. “ಇರಲಿ ಬಿಡ್ರಿ ಗುರುಗಳೆ, ಮುಂದಿನ ವರ್ಷ ನೋಡೋಣು” ಎಂದು ಹೋದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಆ ದಿನ ನಾನು ಯಂತ್ರವನ್ನು ದೂಷಿಸಿದೆ. ಮರುದಿನವೇ ಪುಸ್ತಕದಂಗಡಿಗೆ ಹೋಗಿ ದಿನಚರಿಯೊಂದನ್ನು ತಂದೆ. ಈಗ ನೋಡಿದರೆ ಆ ದೂಷಣೆ ನ್ಯಾಯವಾದುದಲ್ಲ. ಯಂತ್ರ ತಾನು ಬಲ್ಲ ಕೆಲಸವನ್ನು ಮಾಡಿತ್ತು. ಅದಕ್ಕೆ ಒಪ್ಪಿಸಿದ ಕೆಲಸದ ಜಾತಿಯೇ ಬೇರೆಯಾಗಿತ್ತು.

ವ್ಯಾಕರಣವನ್ನೋದಿದವರಿಗೆ ಈ ಭೇದವನ್ನು ತಿಳಿಸುವುದು ಸುಲಭ. “ಹನ್ನೊಂದು ಗಂಟೆಗೆ ಸಭೆಗೆ ಹೋಗಬೇಕು” ಎಂಬಲ್ಲಿ ಕೆಲಸಕ್ಕೆ ಕಾಲವೇ ಆಶ್ರಯ, ಇದು ಕಾಲಾಧಿಕರಣ. “ಗುಮಾಸ್ತರು ಸಿಕ್ಕಾಗ ಪತ್ರವನ್ನು ಕೊಡಬೇಕು” ಎಂಬಲ್ಲಿ ಗಡಿಯಾರಕ್ಕೆ ಸ್ಥಾನವಿಲ್ಲ. ಒಂದು ಸಂಗತಿ ಘಟಿಸಿದರೆ ಇನ್ನೊಂದು ನಡೆಯಬೇಕು. ಸಂಸ್ಕೃತದಲ್ಲಿ ಇದಕ್ಕೆ ಸತಿಸಪ್ತಮಿ ಇದೆ. ಹಳಗನ್ನಡದಲ್ಲಿ ‘ನೇಸರ್ ಮೂಡೆ’ ಎಂಬಂಥ ರೂಪಗಳಿವೆ. ಸ್ಮೃತಿಯನ್ನು ಕುರಿತು ಸಂಶೋಧನೆ ನಡೆಸುವ ಮನಶ್ಶಾಸ್ತ್ರಜ್ಞರೂ, ಮುಂದೆ ಮಾಡಬೇಕಾದುದನ್ನು ನೆನೆಯುವ ಶಕ್ತಿಯಲ್ಲಿ ಇದೇ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಅಮೆರಿಕದ ಐನ್‌ಸ್ಟೈನ್ ಮತ್ತು ಮೆಕ್‌ಡೇನಿಯಲ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಾಲವನ್ನು ಆಶ್ರಯಿಸಿದ ನೆನಪು ಬೇರೆ, ಸಂಗತಿಯನ್ನು ಆಶ್ರಯಿಸಿದ ನೆನಪು ಬೇರೆ ಎಂದು ವಿಂಗಡಿಸಿದರು. (ಈ ಐನ್‌ಸ್ಟೈನ್ ಭೌತವಿಜ್ಞಾನಿ ಐನ್‌ಸ್ಟೈನರಲ್ಲ, ನಮ್ಮ ವಿಜ್ಞಾನದ ಮೇಷ್ಟ್ರು ಈಗಾಗಲೇ ಒಮ್ಮೆ ನನ್ನನ್ನು ತಡೆದು ಕೇಳಿದ್ದಾರೆ.) ಮೊದಲನೆಯ ಜಾತಿಯ ಕೆಲಸಕ್ಕೆ ಕೂಗುವ ಗಂಟೆಯೇ ತಕ್ಕ ಸಾಧನ. ಎರಡನೆಯದಕ್ಕೆ ಗಂಟೆ ಕೂಗಿ ಪ್ರಯೋಜನವಿಲ್ಲ. ಆ ಸಂಗತಿ ಎದುರಾದ ಗಳಿಗೆಯಲ್ಲಿ ಕಣ್ಣಿಗೆ ಬೀಳುವಂತೆ ಅದು ಎಲ್ಲಿಯೋ ಬರೆದಿರಬೇಕು. ಹುಡುಗನ ಪತ್ರ ಎರಡನೆಯ ಜಾತಿಯದು. ನಾನು ಅದನ್ನು ಬಲವಂತವಾಗಿ ಮೊದಲನೆಯ ಜಾತಿಗೆ ಸೇರಿಸಿ, ಅರ್ಥವಿಲ್ಲದೊಂದು ಹನ್ನೊಂದು ಗಂಟೆಯನ್ನು ಅದಕ್ಕೆ ಅಂಟಿಸಿದ್ದೆ.

ಆದುದರಿಂದ ಪುಸ್ತಕ ಮೇಲೋ ಆ್ಯಪ್ ಮೇಲೋ ಎಂದು ವಾದ ಹೂಡುವುದಕ್ಕೆ ಮೊದಲು, ನಮ್ಮ ಕೆಲಸಗಳು ಎಲ್ಲಿಂದ ಬರುತ್ತವೆ, ಯಾವ ಜಾತಿಯವು, ಬಂದ ಮೇಲೆ ಎಷ್ಟು ಸಲ ಬದಲಾಗುತ್ತವೆ ಎಂಬುದನ್ನು ಎಣಿಸಿ ನೋಡಬೇಕೆಂದು ನನಗೆ ತೋರಿತು. ಒಂದು ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಸೋಮವಾರದಿಂದ ಶನಿವಾರದವರೆಗೆ, ನನ್ನ ಮೇಲೆ ಹೊಸದಾಗಿ ಬಿದ್ದ ಪ್ರತಿಯೊಂದು ಹೊಣೆಯನ್ನೂ ಒಂದೊಂದು ಗೆರೆಯಲ್ಲಿ ಬರೆದೆ. ಪಕ್ಕದಲ್ಲಿ ಮೂರೇ ಸಂಗತಿಗಳು: ಬಂದಾಗ ನಾನು ಎಲ್ಲಿದ್ದೆ, ಅದಕ್ಕೆ ಗಡಿಯಾರದ ಹೊತ್ತು ಉಂಟೋ ಇಲ್ಲವೋ, ಬಳಿಕ ಅದು ಬದಲಾಯಿತೋ.

ವಾರದ ಕೊನೆಯಲ್ಲಿ ಎಣಿಸಿದಾಗ ನಲವತ್ತಮೂರು ಗೆರೆಗಳಿದ್ದವು. ಅವುಗಳಲ್ಲಿ ಗಡಿಯಾರದ ಹೊತ್ತು ಉಳ್ಳವು ಎಂಟು ಮಾತ್ರ: ಪಾಲಕರ ಸಭೆ, ಆಕಾಶವಾಣಿಗೆ ಧ್ವನಿಮುದ್ರಣ, ದಂತವೈದ್ಯರ ಭೇಟಿ ಇತ್ಯಾದಿ. ತಿಂಗಳು ತಿಂಗಳು ಮರಳಿ ಬರತಕ್ಕವು ನಾಲ್ಕು. ಉಳಿದ ಮೂವತ್ತೊಂದಕ್ಕೂ ಹೊತ್ತಿರಲಿಲ್ಲ. “ಗ್ರಂಥಪಾಲಕರು ಸಿಕ್ಕರೆ ನಿಘಂಟಿನ ಎರಡನೆಯ ಸಂಪುಟವನ್ನು ಕೇಳಬೇಕು”, “ಒಂಬತ್ತನೆಯ ‘ಬ’ ವಿಭಾಗಕ್ಕೆ ಹೋದಾಗ ಛಂದಸ್ಸಿನ ಟಿಪ್ಪಣಿ ಮರಳಿ ಕೊಡಬೇಕು”, “ಶುಕ್ರವಾರದೊಳಗೆ ಭಾಷಣಸ್ಪರ್ಧೆಯ ಹೆಸರುಗಳು” ಎಂಬಂಥವು. ಇದಕ್ಕಿಂತಲೂ ನನ್ನನ್ನು ಚಕಿತಗೊಳಿಸಿದ್ದು ಅವು ಬಂದ ಸ್ಥಳ. ಇಪ್ಪತ್ತಾರು ಹೊಣೆಗಳು ಪಡಸಾಲೆಯಲ್ಲಿ, ಮೆಟ್ಟಿಲ ಮೇಲೆ, ತರಗತಿಯ ಬಾಗಿಲಲ್ಲಿ ನಿಂತಿರುವಾಗ ಬಂದಿದ್ದವು. ಆ ಹೊತ್ತಿನಲ್ಲೆಲ್ಲ ಮೊಬೈಲು ಖಾನೆಯಲ್ಲಿ. ನನ್ನ ಕೈಯಲ್ಲಿ ಹಾಜರಿ ಪುಸ್ತಕ, ಸೀಮೆಸುಣ್ಣ. ಮೊಬೈಲಿಗೆ ಬಂದವು ಒಂಬತ್ತು, ಮನೆಯಲ್ಲಿ ಬಂದವು ಎಂಟು. ಬರೆದ ಮೇಲೆ ಬದಲಾದವು ಮೂರೇ ಮೂರು.

ಬರೆದುಕೊಳ್ಳುವ ಶ್ರಮವನ್ನೂ ಗಡಿಯಾರ ಹಿಡಿದು ನೋಡಿದೆ. ಮೊಬೈಲಿನ ಬೀಗ ತೆರೆದು, ಆ್ಯಪನ್ನು ಹುಡುಕಿ, ಕೂಡಿಸುವ ಗುರುತನ್ನೊತ್ತಿ, ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸಿ, ದಿನಾಂಕವನ್ನಾರಿಸಿ ಉಳಿಸುವ ಹೊತ್ತಿಗೆ ನನಗೆ ಮುಕ್ಕಾಲು ನಿಮಿಷ ಹಿಡಿಯಿತು. ಪೆನ್ಸಿಲಿನಲ್ಲಿ “ಗ್ರಂ — ನಿಘಂಟು 2” ಎಂದು ಗೀಚಲು ಐದಾರು ಸೆಕೆಂಡು. ಬಾಯಲ್ಲಿ ಹೇಳಿದರೆ ಯಂತ್ರವೇ ಬರೆದುಕೊಳ್ಳುವುದೆಂದು ತರುಣ ಮಿತ್ರರು ತೋರಿಸಿಕೊಟ್ಟರು. ಮನೆಯಲ್ಲಿ ಅದು ಬಲು ಸೊಗಸಾಗಿ ನಡೆಯುತ್ತದೆ, ಆದರೆ ನೂರು ಮಕ್ಕಳು ಓಡಾಡುವ ಪಡಸಾಲೆಯಲ್ಲಿ ಅದು ‘ಛಂದಸ್ಸು’ ಎಂದದ್ದನ್ನು ‘ಚಂದ ಸೊಸೆ’ ಎಂದು ಬರೆದುಕೊಂಡಿತು. ಮುಕ್ಕಾಲು ನಿಮಿಷವೆಂಬುದು ಸ್ವತಃ ದೊಡ್ಡ ನಷ್ಟವಲ್ಲ. ಎದುರಿಗೆ ನಿಂತವರ ಮುಂದೆ ಅಷ್ಟು ಹೊತ್ತು ಪರದೆ ನೋಡಲು ಸಂಕೋಚವಾಗಿ, “ಆಮೇಲೆ ಬರೆದುಕೊಂಡರಾಯಿತು” ಎಂದು ಬಿಡುತ್ತೇವೆ. ಹಾನಿ ಇರುವುದು ಆ ‘ಆಮೇಲೆ’ಯಲ್ಲಿ.

ಇನ್ನು ಮುಖ್ಯೋಪಾಧ್ಯಾಯರ ಹಾಳೆ. ನನ್ನ ವಿನಂತಿಯ ಮೇರೆಗೆ ಅವರೂ ಅದೇ ವಾರ ಬರೆದಿಟ್ಟರು. ಅವರದು ಮೂವತ್ತೇಳು ಗೆರೆ. ಇಪ್ಪತ್ತೈದಕ್ಕೆ ಗಡಿಯಾರದ ಹೊತ್ತಿತ್ತು: ಶಿಕ್ಷಣಾಧಿಕಾರಿಗಳ ಸಭೆ, ಕಟ್ಟಡದ ಇಂಜಿನಿಯರರ ಭೇಟಿ, ದಾನಿಗಳ ಆಗಮನ. ಅವುಗಳಲ್ಲಿ ಹದಿನಾಲ್ಕು, ಬರೆದ ಮೇಲೆ ಒಮ್ಮೆಯಾದರೂ ಸ್ಥಳಾಂತರಗೊಂಡಿದ್ದವು. ಒಂದು ಸಭೆಯಂತೂ ಮೂರು ಸಲ. ಹೆಚ್ಚಿನವು ದೂರವಾಣಿಯಲ್ಲಿಯೇ ಬಂದವು. ಬಂದಾಗ ಯಂತ್ರ ಅವರ ಕೈಯಲ್ಲಿಯೇ ಇತ್ತು. ಇನ್ನೊಂದು ಮುಖ್ಯ ಸಂಗತಿ, ಅವರ ವೇಳೆಯನ್ನು ಅವರೊಬ್ಬರೇ ನೋಡಿದರೆ ಸಾಲದು. ಕಛೇರಿಯ ಗುಮಾಸ್ತರೂ ನೋಡಬೇಕು. ಗೂಗಲ್ ಕ್ಯಾಲೆಂಡರಿನಂಥ ಆ್ಯಪಿನಲ್ಲಿ ಒಬ್ಬರು ತಿದ್ದಿದರೆ ಹಂಚಿಕೊಂಡ ಇನ್ನೊಬ್ಬರ ಪರದೆಯ ಮೇಲೂ ಅದು ತಿದ್ದಿಹೋಗುತ್ತದೆ. ಪ್ರತಿ ಸೋಮವಾರದ ಪ್ರಾರ್ಥನಾಸಭೆಯನ್ನು ಒಮ್ಮೆ ಬರೆದರೆ ವರ್ಷವಿಡೀ ತಾನೇ ಬಂದು ಕೂಡುತ್ತದೆ. ಫೋನು ಕಳೆದುಹೋದರೂ ಬರೆಹ ಕಳೆಯದು. ಕಾಗದದಲ್ಲಿ ಈ ಮನುಷ್ಯರ ವಾರವನ್ನು ಬರೆಯಹೋದರೆ ಬುಧವಾರದ ಹೊತ್ತಿಗೆ ಪುಟ ಕಾಟುಗಳಿಂದ ತುಂಬಿ, ಗುಮಾಸ್ತರ ಪುಸ್ತಕವೊಂದು, ಸಾಹೇಬರ ಪುಸ್ತಕವೊಂದು ಹೇಳುವಂತಾಗುತ್ತಿತ್ತು. ಅವರಿಗೆ ಪುಸ್ತಕವನ್ನು ಕಾಣಿಕೆಯಾಗಿ ಕೊಟ್ಟರೆ ಅದು ಕಪಾಟಿನ ಭೂಷಣವಾದೀತು, ಅಷ್ಟೆ.

ಇಷ್ಟಾದರೂ ಆ್ಯಪಿನ ಪಕ್ಷದವರು ಗಮನಿಸಬೇಕಾದ ಒಂದು ಲೋಪವನ್ನು ಹೇಳಲೇಬೇಕು. ಕೆಲವು ಮೊಬೈಲುಗಳು ಬ್ಯಾಟರಿಯನ್ನು ಉಳಿಸುವ ಸಲುವಾಗಿ, ತೆರೆಯದೆ ಬಿಟ್ಟ ಆ್ಯಪುಗಳನ್ನು ಹಿನ್ನೆಲೆಯಲ್ಲಿ ನಿದ್ದೆ ಹೋಗಿಸಿಬಿಡುತ್ತವೆ. ಆಗ ಸೂಚನೆ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಹೊಸ ಫೋನು ಕೊಂಡವರು ಹತ್ತು ನಿಮಿಷ ಮುಂದಿನ ಹೊತ್ತಿಗೆ ಒಂದು ಸುಳ್ಳು ಕೆಲಸವನ್ನು ಗುರುತಿಸಿ, ಪರದೆಯನ್ನಾರಿಸಿ ಮೇಜಿನ ಮೇಲಿಟ್ಟು ಕಾಯಲಿ. ಇನ್ನೊಂದನ್ನು ಮರುದಿನ ಬೆಳಗಿನ ಹೊತ್ತಿಗೆ ಗುರುತಿಸಲಿ. ಮೊದಲನೆಯದು ಕೂಗಿ ಎರಡನೆಯದು ಕೂಗದಿದ್ದರೆ ದೋಷ ಬ್ಯಾಟರಿಯ ವ್ಯವಸ್ಥೆಯಲ್ಲಿರುವ ಸಂಭವ ಹೆಚ್ಚು. ಆ ಒಂದು ಆ್ಯಪಿಗೆ ಆ ನಿರ್ಬಂಧವನ್ನು ತೆಗೆದುಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕಾಗದದ ಗುಣವನ್ನು ಹೇಳುವವರು ಸಾಮಾನ್ಯವಾಗಿ ಕೈಬರೆಹದಿಂದ ನೆನಪು ಗಟ್ಟಿಯಾಗುತ್ತದೆ ಎಂದು ಹೇಳಿ ಮುಗಿಸುತ್ತಾರೆ. ಇದಕ್ಕೆ ಆಧಾರವಿಲ್ಲವೆಂದಲ್ಲ. ಜಪಾನಿನ ಟೋಕಿಯೊ ವಿಶ್ವವಿದ್ಯಾಲಯದ ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಹದಿನೆಂಟರಿಂದ ಇಪ್ಪತ್ತೊಂಬತ್ತು ವಯಸ್ಸಿನ 48 ಮಂದಿಗೆ ಒಂದು ಸಂಭಾಷಣೆಯನ್ನು ಓದಿಸಿ, ಅದರಲ್ಲಿ ಬರುವ ಪಾಠ, ಭೇಟಿ, ಗಡುವುಗಳನ್ನು ಕೆಲವರು ಕಾಗದದ ದಿನಚರಿಯಲ್ಲಿ, ಕೆಲವರು ಟ್ಯಾಬ್ಲೆಟ್ಟಿನಲ್ಲಿ, ಕೆಲವರು ದೊಡ್ಡ ಮೊಬೈಲಿನಲ್ಲಿ ಬರೆದುಕೊಳ್ಳುವಂತೆ ಮಾಡಿದರು. ಕಾಗದದವರು ಸುಮಾರು 11 ನಿಮಿಷದಲ್ಲಿ ಮುಗಿಸಿದರೆ ಟ್ಯಾಬ್ಲೆಟ್ಟಿನವರಿಗೆ 14, ಮೊಬೈಲಿನವರಿಗೆ 16 ನಿಮಿಷ ಬೇಕಾಯಿತು. ಒಂದು ಗಂಟೆಯ ಬಳಿಕ ಪ್ರಶ್ನೆಗಳನ್ನು ಕೇಳುತ್ತ ಮಿದುಳಿನ ಚಿತ್ರ ತೆಗೆದಾಗ, ಕಾಗದದವರಲ್ಲಿ ಸ್ಮೃತಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಹೆಚ್ಚಾಗಿ ಕಂಡಿತು. ಪುಟದ ಯಾವ ಮೂಲೆಯಲ್ಲಿ ಬರೆದೆವೆಂಬ ಸ್ಥಾನಜ್ಞಾನ ನೆನಪಿಗೆ ಆಸರೆಯಾಗುತ್ತದೆಂಬುದು ಅವರ ಊಹೆ. ಪಂಚಾಂಗದ ಎಡಪುಟದ ಕೆಳಗೆ ಯಾವ ಹಬ್ಬವಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲ ಹಿರಿಯರನ್ನು ಕಂಡ ನನಗೆ ಇದು ಹೊಸದೆನಿಸಲಿಲ್ಲ. ಆದರೆ ಒಂದು ಗಂಟೆಯ ಪ್ರಯೋಗದಿಂದ ಒಂದು ವರ್ಷದ ಬಾಳನ್ನು ಅಳೆಯಲಾಗದು. ಮೂರನೆಯ ತಿಂಗಳ ದಂತವೈದ್ಯರ ಭೇಟಿಯನ್ನು ಯಾವ ಕೈಬರೆಹವೂ ಕೂಗಿ ಹೇಳುವುದಿಲ್ಲ.

ನನ್ನ ಅನುಭವದಲ್ಲಿ ಕಾಗದದ ಮುಖ್ಯ ಗುಣ ಬೇರೆಯೇ. ಇಂದು ಆಗದ ಕೆಲಸವನ್ನು ನಾಳೆಯ ಪುಟಕ್ಕೆ ಕೈಯಾರೆ ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ಬರೆಯುವುದು ಸಹಜ. ಎರಡನೆಯ ಸಲ ಬೇಸರ. ಮೂರನೆಯ ಸಲ ಲಜ್ಜೆ. ಮೂರನೆಯ ಸಲ ಬರೆಯುವಾಗ ಕೈ ತಡೆಯುತ್ತದೆ, ಒಂದೋ ಅಂದೇ ಮಾಡಿಬಿಡುತ್ತೇವೆ, ಇಲ್ಲವೇ ಒಪ್ಪಿಕೊಂಡವರಿಗೆ ಆಗದೆಂದು ತಿಳಿಸುತ್ತೇವೆ. ಅಮೆರಿಕದ ರೈಡರ್ ಕ್ಯಾರೊಲ್ ಎಂಬವರು 2013ರಲ್ಲಿ ಪ್ರಚುರಪಡಿಸಿದ ಬುಲೆಟ್ ಜರ್ನಲ್ ಎಂಬ ಪದ್ಧತಿಯಲ್ಲಿಯೂ ಈ ಮರುಬರೆಹವೇ ಒಂದು ಮುಖ್ಯ ಅಂಗ. ಆ್ಯಪಿನಲ್ಲಾದರೋ ಮಾಡದ ಕೆಲಸ ಯಾರ ಶ್ರಮವೂ ಇಲ್ಲದೆ ಪಟ್ಟಿಯಲ್ಲಿ ಉಳಿದುಕೊಂಡೇ ಹೋಗುತ್ತದೆ. ನಾನು ಆ್ಯಪನ್ನು ಬಿಟ್ಟ ದಿನ ಅದರಲ್ಲಿ ಅರುವತ್ತಕ್ಕೂ ಮಿಕ್ಕಿದ ಹಳೆಯ ಬಾಕಿಗಳಿದ್ದವು. ಅರುವತ್ತು ಬಾಕಿಯ ಪಟ್ಟಿಯನ್ನು ಯಾರೂ ಓದುವುದಿಲ್ಲ. ಅದರ ಮೇಲೆ ಕಣ್ಣು ಜಾರುತ್ತದೆ.

ಹೀಗಾಗಿ ನನ್ನ ಮಟ್ಟಿಗೆ ನಾನು ಗಡಿಯಾರದ ಹೊತ್ತಿರುವ ಎಂಟನ್ನೂ ತಿಂಗಳಿಗೊಮ್ಮೆ ಬರುವ ನಾಲ್ಕನ್ನೂ ಮೊಬೈಲಿಗೆ ಒಪ್ಪಿಸಿದೆ, ಮೂವತ್ತೊಂದನ್ನು ಪುಸ್ತಕಕ್ಕೆ. ಬೆಳಗ್ಗೆ ಹೊರಡುವ ಮುನ್ನ ಅಂದಿನ ಹೊತ್ತುಗಳನ್ನು ಮೊಬೈಲಿನಿಂದ ನೋಡಿ ಪುಸ್ತಕದ ನೆತ್ತಿಯ ಮೇಲೆ ಬರೆದುಕೊಳ್ಳುತ್ತೇನೆ, ಏಕೆಂದರೆ ಹಗಲಿಡೀ ನನ್ನ ಬಳಿ ಇರುವುದು ಪುಸ್ತಕ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರತಿ ಯಾವುದು, ಮೂಲ ಯಾವುದು ಎಂಬುದು ನಿಶ್ಚಿತವಾಗಿರಬೇಕು. ಹೊತ್ತು ಬದಲಾದರೆ ಮೊಬೈಲಿನಲ್ಲಿಯೇ ಮೊದಲು ತಿದ್ದಬೇಕು. ಎರಡರಲ್ಲಿಯೂ ಎಲ್ಲವನ್ನೂ ಬರೆಯುತ್ತೇನೆಂದು ಹೊರಟ ನಮ್ಮ ಮಿತ್ರರೊಬ್ಬರು ಹದಿನೈದು ದಿನಗಳಲ್ಲಿ ಎರಡನ್ನೂ ನಂಬದವರಾದರು. ಈಗ ಅಂಗೈ ಮೇಲೆ ಬರೆದುಕೊಳ್ಳುತ್ತಾರೆ.

ಯಾವುದನ್ನಾರಿಸಿದರೂ ಒಂದು ತಿಂಗಳ ಬಳಿಕ ತಪ್ಪಿಹೋದ ಕೆಲಸಗಳನ್ನು ಮುಂದಿಟ್ಟುಕೊಂಡು ನೋಡುವುದು ಒಳ್ಳೆಯದು. ತಪ್ಪಿದ ಕೆಲಸ ಬರೆದೇ ಇರಲಿಲ್ಲವೆಂದಾದರೆ, ಅಥವಾ ಜೇಬಿನಲ್ಲಿ ಚೀಟಿಗಳು ಸೇರುತ್ತಿದ್ದರೆ, ಸಾಧನ ಕೈಗೆ ದೂರವಾಗಿದೆಯೆಂದರ್ಥ; ಅದನ್ನು ಬದಲಾಯಿಸಬೇಕು. ಬರೆದಿತ್ತು, ಹೊತ್ತು ಮೀರಿದ್ದು ತಿಳಿಯಲಿಲ್ಲವೆಂದಾದರೆ ಕೂಗುವ ಗಂಟೆ ಬೇಕು. ಬರೆದಿತ್ತು, ಆದರೆ ಆ ಪುಟವನ್ನೇ ತೆರೆಯಲಿಲ್ಲ ಅಥವಾ ಆ ಪಟ್ಟಿಯನ್ನೇ ನೋಡಲಿಲ್ಲವೆಂದಾದರೆ, ಸಾಧನವನ್ನು ಬದಲಾಯಿಸಿ ಫಲವಿಲ್ಲ. ನಾನು ಕಂಡಂತೆ ಈ ಮೂರನೆಯ ರೋಗದವರೇ ವರ್ಷಕ್ಕೆರಡು ಹೊಸ ಆ್ಯಪು, ಒಂದು ಹೊಸ ಪುಸ್ತಕ ತರುವವರು. ಅವರು ಮೊದಲು ದಿನದಲ್ಲಿ ನೋಡುವ ಹೊತ್ತೊಂದನ್ನು ನಿಶ್ಚಯಿಸಿಕೊಳ್ಳಬೇಕು. ನನಗದು ಬೆಳಗಿನ ಕಾಫಿ ಮತ್ತು ಸಂಜೆಯ ಕೊನೆಯ ಗಂಟೆ.

ದಾನಿಗಳಿಗೆ ನಾನು ಬರೆದ ಉತ್ತರ ಹೀಗಿತ್ತು. ತಾವು ಎಲ್ಲರಿಗೂ ಒಂದನ್ನೇ ಕೊಡಬೇಡಿ. ಒಂದು ವಾರದ ಹಾಳೆಯನ್ನು ತುಂಬಿ ತಂದವರಿಗೆ ಅವರು ಕೇಳಿದ್ದನ್ನು ಕೊಡಿ. ಆ್ಯಪಿಗೆ ಚಂದಾ ತುಂಬುವ ಅಗತ್ಯ ಬಹುಶಃ ಯಾರಿಗೂ ಬೀಳದು. ಹೊತ್ತನ್ನು ನೆನಪಿಸಲು ಫೋನಿನೊಂದಿಗೇ ಬರುವ ಕ್ಯಾಲೆಂಡರು ಸಾಕು. ಪುಸ್ತಕವನ್ನು ಮಾಡಿಸುವುದಾದರೆ ದಿನಕ್ಕೊಂದು ಪುಟದ ಬ್ಯಾಂಕಿನ ಡೈರಿಯಂತೆ ಬೇಡ. ಅದರಲ್ಲಿ ಇಂದಿನ ಪುಟ ನಾಳೆಯನ್ನು ಮರೆಮಾಡುತ್ತದೆ. ಶುಕ್ರವಾರದ ಗಡುವು ಶುಕ್ರವಾರ ಬೆಳಗ್ಗೆಯೇ ಕಣ್ಣಿಗೆ ಬೀಳುತ್ತದೆ. ತೆರೆದ ಎರಡು ಪುಟಗಳಲ್ಲಿ ಇಡೀ ವಾರ ಕಾಣಬೇಕು, ಪಕ್ಕದಲ್ಲಿ ಹೊತ್ತಿಲ್ಲದ ಕೆಲಸಗಳಿಗೊಂದು ಅಂಕಣವಿರಬೇಕು, ಅಂಗಿಯ ಜೇಬಿಗಲ್ಲದಿದ್ದರೂ ಹಾಜರಿ ಪುಸ್ತಕದೊಳಗೆ ಹಿಡಿಸುವ ಅಳತೆಯಿರಬೇಕು. ಮತ್ತು ಅದು ಜನವರಿಯಲ್ಲಿ ಆರಂಭವಾಗಬಾರದು. ಜನವರಿಯ ಡೈರಿ ನಮ್ಮ ಶಾಲಾ ವರ್ಷವನ್ನು ನಡುವೆ ಕತ್ತರಿಸುತ್ತದೆ. ಮಾರ್ಚಿಯ ಪರೀಕ್ಷೆಯ ಸಿದ್ಧತೆಯನ್ನು ನವೆಂಬರಿನಲ್ಲಿ ಬರೆಯಹೋದರೆ ಪುಟವೇ ಇರುವುದಿಲ್ಲ. ಜೂನಿನಿಂದ ಮೇ ತಿಂಗಳವರೆಗಿನ ಪುಸ್ತಕವನ್ನು ಮುದ್ರಿಸಿಕೊಡಿ.

ಅವರು ಒಪ್ಪಿದ್ದಾರೆ. ಮುದ್ರಣಾಲಯದಿಂದ ಮಾದರಿಯ ಪುಟ ಬಂದಿದೆ. ಭಾನುವಾರಕ್ಕೆ ಅರ್ಧ ಅಂಕಣವನ್ನಷ್ಟೇ ಕೊಟ್ಟಿದ್ದಾರೆ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಅದಕ್ಕೆ ಆಕ್ಷೇಪವೆತ್ತಿರುವುದರಿಂದ ತಿದ್ದುಪಡಿಗೆ ಮರಳಿ ಕಳುಹಿಸಲಾಗಿದೆ.